ಗೀಸರ್ ಲೆಕ್ಕ: ಫ್ಯೂಸ್ ಕಾಯುವುದು ಯಾರನ್ನು?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮನೆಯ ವಿದ್ಯುತ್ತಿನ ಬಗ್ಗೆ ಒಂದು ಪ್ರಶ್ನೆ ಇದೆ. ವೋಲ್ಟೇಜ್ 220, ಮಂಡಲದ ಮಿತಿ 5 ಆಂಪಿಯರ್. ಅದಕ್ಕೆ 2 ಕಿಲೋವ್ಯಾಟ್‌ನ ವಿದ್ಯುತ್ ಒಲೆ ಹಾಕಿದರೆ ಏನಾಗುತ್ತದೆ? ಮಕ್ಕಳು 2000ವನ್ನು 220ರಿಂದ ಭಾಗಿಸಿ, 9.1 ಆಂಪಿಯರ್ ಬಂತು, ಮಿತಿ ಮೀರಿತು, ಫ್ಯೂಸ್ ಹೋಗುತ್ತದೆ ಎಂದು ಬರೆಯುತ್ತಾರೆ. ಉತ್ತರ ಸರಿ. ಆದರೆ ಇದೇ ಭಾಗಾಕಾರವನ್ನು ನಮ್ಮ ಬಚ್ಚಲುಮನೆಗೆ ತಂದು ಇನ್ನೂ ಸ್ವಲ್ಪ ಮುಂದುವರಿಸಿದರೆ, ಫ್ಯೂಸ್ ಹೋಗುವುದಕ್ಕಿಂತ ಹೋಗದೇ ಇರುವುದು ಎಷ್ಟು ಅಪಾಯ ಎಂಬುದು ಗೊತ್ತಾಗುತ್ತದೆ.

15 ಲೀಟರ್‌ನ ಒಂದು ಸಾಮಾನ್ಯ ಗೀಸರ್ ತೆಗೆದುಕೊಳ್ಳೋಣ. ಅದರ ಮೈಮೇಲಿನ ಚೀಟಿಯಲ್ಲಿ 2000 ವ್ಯಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 8.7 ಆಂಪಿಯರ್. ಹಾಗಾಗಿ ಗೀಸರ್‌ಗೆ 16 ಆಂಪಿಯರ್‌ನ ದೊಡ್ಡ ಸಾಕೆಟ್ಟೇ ಬೇಕು. ಫೋನ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ಗೀಸರ್ ಓಡಿಸುವ ಮನೆಗಳಲ್ಲಿ ಪ್ಲಗ್ಗಿನ ಪಿನ್ ಸುತ್ತ ಕಂದು ಬಣ್ಣ ಕಾಣಿಸುತ್ತದೆ, ಆಮೇಲೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ. ಮಿತಿ ಮೀರಿದ್ದಕ್ಕೆ ಅದೇ ಮೊದಲ ಗುರುತು.

ಈಗ ಯೂನಿಟ್. ಒಂದು ಕಿಲೋವ್ಯಾಟ್‌ನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್, ಅಂದರೆ 3600 ಕಿಲೋಜೂಲ್. 15 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಕಾಯಿಸಲು 15 × 4.2 × 30, ಅಂದರೆ 1890 ಕಿಲೋಜೂಲ್ ಬೇಕು. ಹೆಚ್ಚುಕಡಿಮೆ ಅರ್ಧ ಯೂನಿಟ್. 2 ಕಿಲೋವ್ಯಾಟ್‌ನ ಗೀಸರ್ ಅದನ್ನು 16 ನಿಮಿಷದಲ್ಲಿ ಮುಗಿಸುತ್ತದೆ. ದಿನಕ್ಕೆ ಎರಡು ಸಲ ತುಂಬಿ ಕಾಯಿಸಿದರೆ ತಿಂಗಳಿಗೆ 32 ಯೂನಿಟ್ ಆಸುಪಾಸು. ಗೃಹಜ್ಯೋತಿಯ 200 ಯೂನಿಟ್ ಮಿತಿಯೊಳಗೆ ಉಳಿಯಬೇಕೆನ್ನುವ ಮನೆಗೆ ಇದು ಸಣ್ಣ ಪಾಲಲ್ಲ.

ಹಳ್ಳಿಗಳಲ್ಲಿ ಸಂಜೆ ವೋಲ್ಟೇಜ್ 190ಕ್ಕೆ ಇಳಿದಾಗ ಗೀಸರ್ ತಡವಾಗಿ ಕಾಯುತ್ತದೆ. ಅದರ ಕಾಯಿಲ್‌ನ ರೋಧ ಸುಮಾರು 26.5 ಓಮ್. 190ರ ವರ್ಗವನ್ನು ಇದರಿಂದ ಭಾಗಿಸಿದರೆ 1360 ವ್ಯಾಟ್ ಮಾತ್ರ ಸಿಗುತ್ತದೆ. 16 ನಿಮಿಷದ ಕೆಲಸಕ್ಕೆ 23 ನಿಮಿಷ ಹಿಡಿಯುತ್ತದೆ. ಹಾಗೆಂದು ಬಿಲ್ಲು ಇಳಿಯುವುದಿಲ್ಲ, ನೀರಿಗೆ ಬೇಕಾದ ಶಾಖ ಅಷ್ಟೇ ತಾನೆ.

ಲೆಕ್ಕ ಸರಿಯೇ ಎಂದು ನೋಡಲು ಮೀಟರ್ ಮುಂದೆ ನಿಂತರೆ ಸಾಕು. ಅದರ ಮೇಲೆ 3200 imp/kWh ಎಂದೋ ಇನ್ನೊಂದು ಸಂಖ್ಯೆಯೋ ಇರುತ್ತದೆ. ಒಂದು ಯೂನಿಟ್ಟಿಗೆ ಕೆಂಪು ದೀಪ ಅಷ್ಟು ಸಲ ಮಿನುಗುತ್ತದೆ ಎಂದು ಅದರ ಅರ್ಥ. 3200ರ ಮೀಟರಿನಲ್ಲಿ ಗೀಸರ್ ಒಂದನ್ನೇ ಹಾಕಿದರೆ ನಿಮಿಷಕ್ಕೆ ಸುಮಾರು 107 ಮಿನುಗು ಬರಬೇಕು. ಮನೆಯ ಎಲ್ಲ ಸ್ವಿಚ್ಚನ್ನೂ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತ ಮೇಲೂ ದೀಪ ಬೇಗ ಬೇಗ ಮಿನುಗುತ್ತಿದ್ದರೆ ಕರೆಂಟ್ ಎಲ್ಲೋ ಸೋರುತ್ತಿರುವ ಸಾಧ್ಯತೆ ಇದೆ.

ಸೋರಿಕೆಯ ಮಾತು ಬಂದಾಗ ಎಲ್ಲರಿಗೂ ಫ್ಯೂಸ್ ನೆನಪಾಗುತ್ತದೆ. ಹಳೆಯ ಮನೆಗಳ ಪಿಂಗಾಣಿ ಫ್ಯೂಸ್, ಹೊಸ ಮನೆಗಳ ಎಂಸಿಬಿ, ಎರಡರ ಕೆಲಸವೂ ಒಂದೇ. ಗೋಡೆಯೊಳಗಿನ ವೈರ್ ಕಾದು ಬೆಂಕಿ ಹತ್ತದಂತೆ ನೋಡಿಕೊಳ್ಳುವುದು. ಫ್ಯೂಸ್ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ಬಚ್ಚಲಿನಲ್ಲಿ ಒದ್ದೆ ಮೈಯಲ್ಲಿ ನಿಂತವನ ದೇಹದ ರೋಧ 1000 ಓಮ್ ಎಂದು ಹಿಡಿಯಿರಿ. 230 ವೋಲ್ಟ್ ತಗಲಿದರೆ ಅವನ ಮೂಲಕ ಹರಿಯುವುದು 0.23 ಆಂಪಿಯರ್. ಜೀವ ತೆಗೆಯಲು ಅದು ಬೇಕಾದಷ್ಟಾಯಿತು. 16 ಆಂಪಿಯರ್‌ನ ಎಂಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ.

ಮನುಷ್ಯನನ್ನು ಕಾಯುವ ಮೊದಲ ಏರ್ಪಾಡು ಅರ್ಥಿಂಗ್. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನ ಪಿನ್ ಉದ್ದವಾಗಿ, ದಪ್ಪವಾಗಿ ಇರುವುದು ಇದಕ್ಕೇ. ಕರೆಂಟ್ ಬರುವ ಮೊದಲೇ ಗೀಸರ್‌ನ ಲೋಹದ ಮೈ ಅರ್ಥ್ ವೈರಿಗೆ ಸೇರಿರಬೇಕು. ಆ ವೈರ್ ಹಿತ್ತಲಿನಲ್ಲಿ ಇದ್ದಿಲು, ಉಪ್ಪು ತುಂಬಿದ ಗುಂಡಿಯಲ್ಲಿ ಹೂತ ಪೈಪಿಗೋ ತಗಡಿಗೋ ಹೋಗುತ್ತದೆ.

ಗೀಸರ್‌ನೊಳಗಿನ ಕಾಯಿಲ್ ಬಿರುಕು ಬಿಟ್ಟು ಫೇಸ್ ಟ್ಯಾಂಕಿಗೆ ತಗಲಿತು ಎಂದುಕೊಳ್ಳಿ. ಅರ್ಥ್ ದಾರಿಯ ಒಟ್ಟು ರೋಧ 2 ಓಮ್ ಇದ್ದರೆ 230 ÷ 2, ಅಂದರೆ 115 ಆಂಪಿಯರ್ ನುಗ್ಗುತ್ತದೆ. ಎಂಸಿಬಿ ಬೇಗನೆ ಟ್ರಿಪ್ ಆಗುತ್ತದೆ. ಪುಸ್ತಕದ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಬೇಸಿಗೆಯಲ್ಲಿ ಗುಂಡಿ ಒಣಗಿ, ಪೈಪು ತುಕ್ಕು ಹಿಡಿದು, ರೋಧ 40 ಓಮ್‌ಗೆ ಏರಿದ್ದರೆ? 230ನ್ನು 40ರಿಂದ ಭಾಗಿಸಿ: 5.75 ಆಂಪಿಯರ್. ಎಂಸಿಬಿ ಟ್ರಿಪ್ ಆಗುವುದಿಲ್ಲ. ಸ್ವಿಚ್ ಹಾಕಿರುವಷ್ಟು ಹೊತ್ತೂ ಗಂಟೆಗೆ 1.3 ಯೂನಿಟ್ ಮಣ್ಣಿಗೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗೀಸರ್‌ನ ಮೈಯಲ್ಲಿ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ನಿಂತುಬಿಡುತ್ತದೆ, ಅದೇ ಗುಂಡಿಗೆ ಸೇರಿದ ಫ್ರಿಜ್, ವಾಷಿಂಗ್ ಮಷೀನು, ಗ್ರೈಂಡರ್ ಮೈಗೂ ಅದೇ ವೋಲ್ಟೇಜ್ ಬರುತ್ತದೆ. ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಮನೆಯವರು ಹೇಳಿದಾಗ ಕೆಟ್ಟಿರುವುದು ಫ್ರಿಜ್ಜೇ ಆಗಿರಬೇಕೆಂದಿಲ್ಲ. ಬಚ್ಚಲಿನ ಗೀಸರನ್ನೂ ಹಿತ್ತಲಿನ ಗುಂಡಿಯನ್ನೂ ನೋಡಬೇಕು.

ಅರ್ಥಿಂಗ್ ನೋಡಿ ಎಂದರೆ ಬಹಳ ಕಡೆ ಫೇಸ್‌ಗೂ ಅರ್ಥ್‌ಗೂ ನಡುವೆ 100 ವ್ಯಾಟ್‌ನ ಬಲ್ಬ್ ಹಿಡಿದು, ಉರಿಯಿತು, ಚೆನ್ನಾಗಿದೆ ಎಂದು ಹೇಳಿ ಹೋಗುತ್ತಾರೆ. ಆ ಬಲ್ಬಿನ ರೋಧ 529 ಓಮ್. ಕೆಟ್ಟ ಗುಂಡಿಯ 40 ಓಮ್ ಸೇರಿದರೂ ಬಲ್ಬಿಗೆ 214 ವೋಲ್ಟ್ ಸಿಗುತ್ತದೆ. 230ಕ್ಕೂ 214ಕ್ಕೂ ಬೆಳಕಿನ ವ್ಯತ್ಯಾಸ ಬರಿಗಣ್ಣಿಗೆ ಸುಲಭವಾಗಿ ತಿಳಿಯದು. ಗುಂಡಿಯ ರೋಧ ಎಷ್ಟು ಓಮ್ ಎಂದು ಅಂಕಿಯಲ್ಲಿ ತೋರಿಸುವುದು ಅರ್ಥ್ ಟೆಸ್ಟರ್ ಮಾತ್ರ. ಅಂಕಿ ಹೆಚ್ಚಾಗಿದ್ದರೆ ಗುಂಡಿಗೆ ನೀರು ಹಾಕಿ ಮತ್ತೆ ಅಳೆಯಬೇಕು. ಆಗಲೂ ಇಳಿಯದಿದ್ದರೆ ಪೈಪು ಬದಲಿಸಬೇಕು.

ಗುಂಡಿ ಎಷ್ಟೇ ಚೆನ್ನಾಗಿದ್ದರೂ ವರ್ಷವಿಡೀ ಹಾಗೇ ಇರುತ್ತದೆಂಬ ಭರವಸೆ ಇಲ್ಲ. ಆದ್ದರಿಂದಲೇ ಎಂಸಿಬಿಯ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಬೇಕು. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ. 0.03 ಆಂಪಿಯರ್ ಬೇರೆ ದಾರಿ ಹಿಡಿದರೂ ಸಾಕು, ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ. 5.75 ಆಂಪಿಯರ್ ಸೋರುವ ನಮ್ಮ ಗೀಸರ್ ಆಗ ಯಾರೂ ಮುಟ್ಟುವ ಮೊದಲೇ ಆರಿರುತ್ತದೆ. ಒಬ್ಬರು ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲನ್ನೂ ಹಿಡಿದರೆ ಮಾತ್ರ ಆರ್‌ಸಿಸಿಬಿಯಿಂದಲೂ ರಕ್ಷಣೆ ಸಿಗದಿರಬಹುದು. ಅದರ ದೃಷ್ಟಿಯಲ್ಲಿ ಹೋದ ಕರೆಂಟ್ ಸರಿಯಾಗಿ ವಾಪಸ್ ಬಂದಿರುತ್ತದೆ.

ನಿಮ್ಮ ಮೀಟರ್ ಬೋರ್ಡ್ ತೆರೆದು ನೋಡಿ. ಟಿ ಅಕ್ಷರದ ಸಣ್ಣ ಗುಂಡಿಯಿರುವ ಸ್ವಿಚ್ ಇದ್ದರೆ ಅದು ಆರ್‌ಸಿಸಿಬಿ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ. ಕರೆಂಟ್ ಹೋಗಲೇಬೇಕು, ಹೋಗದಿದ್ದರೆ ಬದಲಿಸಿ. ಅದು ಇಲ್ಲವೇ ಇಲ್ಲ ಎಂದಾದರೆ, ಮುಂದಿನ ಸಲ ಎಲೆಕ್ಟ್ರಿಷಿಯನ್ ಬಂದಾಗ ಮೊದಲು ಅದನ್ನು ಹಾಕಿಸಿ, ಅರ್ಥ್ ಗುಂಡಿಯ ರೋಧ ಅಳೆಸಿ, ಬಂದ ಅಂಕಿಯನ್ನೂ ತಾರೀಖನ್ನೂ ಬೋರ್ಡಿನ ಬಾಗಿಲ ಒಳಗಡೆ ಬರೆದಿಡಿ.