ಹಡಗಿನ ಡೀಸೆಲ್‌ಗೆ 60 ಡಿಗ್ರಿಯ ಗೆರೆ

ವಿಶಾಖಪಟ್ಟಣದ ಬಂದರಿಗೆ ಬರುವ ಸರಕು ಹಡಗುಗಳ ಇಂಧನಕ್ಕೆ ಸೋಲಾಸ್ ಒಪ್ಪಂದ ಒಂದು ಗೆರೆ ಎಳೆದಿದೆ. ಕೆಲವು ವಿನಾಯಿತಿ ಬಿಟ್ಟರೆ, ಇಂಧನದ ಫ್ಲ್ಯಾಶ್ ಪಾಯಿಂಟ್ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರುವಂತಿಲ್ಲ. ಲಾರಿಯ ಡೀಸೆಲ್‌ಗೆ ನಮ್ಮ ಮಾನದಂಡ ಕೇಳುವುದು 35 ಡಿಗ್ರಿ ಮಾತ್ರ. ಹಡಗಿನಲ್ಲಿ ಎಂಜಿನ್ನಿನ ಕಾವು, ಮುಚ್ಚಿದ ಟ್ಯಾಂಕು, ಅದರೊಳಗೆ ಕೂಡುವ ಆವಿ ಒಂದೇ ಕಡೆ ಸೇರುತ್ತವೆ, ಓಡಿಹೋಗಲು ಜಾಗವಿಲ್ಲ.

ದ್ರವದ ಮೇಲಿನ ಆವಿ ಗಾಳಿಯೊಂದಿಗೆ ಬೆರೆತು, ಕಿಡಿ ತಾಗಿದೊಡನೆ ಒಮ್ಮೆ ಭಗ್ಗೆಂದು ಆರುವ ಕನಿಷ್ಠ ಉಷ್ಣತೆಯೇ ಫ್ಲ್ಯಾಶ್ ಪಾಯಿಂಟ್. ಹಡಗಿನ ಡೀಸೆಲ್‌ಗೆ ಇದನ್ನು ಪೆನ್ಸ್ಕಿ-ಮಾರ್ಟೆನ್ಸ್ ಕ್ಲೋಸ್ಡ್ ಕಪ್ ಉಪಕರಣದಲ್ಲಿ ಅಳೆಯುತ್ತಾರೆ. ಹಿತ್ತಾಳೆಯ ಕಪ್ಪಿಗೆ ಗುರುತಿನ ಗೆರೆಯವರೆಗೆ ಮಾದರಿ ಸುರಿದು ಮುಚ್ಚಳ ಹಾಕಿ, ಕಲಕುತ್ತ, ನಿಮಿಷಕ್ಕೆ 5ರಿಂದ 6 ಡಿಗ್ರಿಯಂತೆ ಕಾಯಿಸುತ್ತಾರೆ. ನಿರೀಕ್ಷಿತ ಮಟ್ಟಕ್ಕಿಂತ ಸುಮಾರು 23 ಡಿಗ್ರಿ ಕೆಳಗಿನಿಂದಲೇ ಪರೀಕ್ಷೆ ಶುರು. ಪ್ರತಿ ಡಿಗ್ರಿಗೊಮ್ಮೆ ಕಲಕುವುದನ್ನು ನಿಲ್ಲಿಸಿ, ಮುಚ್ಚಳದ ಕಿಂಡಿ ತೆರೆದು ಪುಟ್ಟ ಜ್ವಾಲೆಯನ್ನು ಒಂದು ಕ್ಷಣ ಇಳಿಸುತ್ತಾರೆ. ಜ್ವಾಲೆಯ ಸುತ್ತ ನೀಲಿ ಪ್ರಭೆ ಹಿಗ್ಗಿದರೆ ಅದು ಫ್ಲ್ಯಾಶ್ ಅಲ್ಲ. ಬೆಂಕಿ ದ್ರವದ ಮೇಲ್ಮೈಯುದ್ದಕ್ಕೂ ಹರಿಯಬೇಕು. ಹೊಸಬರು ಎಡವುವುದು ಇಲ್ಲಿಯೇ.

ಹಡಗಿನ ಡೀಸೆಲ್‌ನ ಒಂದು ಮಾದರಿಯನ್ನು ಬೆಂಗಳೂರಿನಲ್ಲಿ ಪರೀಕ್ಷಿಸಿದಾಗ 58 ಡಿಗ್ರಿಗೆ ಹೊತ್ತಿತು ಎನ್ನೋಣ. ತಿರಸ್ಕರಿಸಬೇಕೆ? ಆತುರ ಬೇಡ. ಎತ್ತರದಲ್ಲಿರುವ ಬೆಂಗಳೂರಿನ ವಾಯುಭಾರ ಸುಮಾರು 91 ಕಿಲೋಪ್ಯಾಸ್ಕಲ್, ಸಮುದ್ರಮಟ್ಟದ ಪ್ರಮಾಣ 101.3. ಗಾಳಿ ತೆಳುವಾದಷ್ಟೂ ಕಡಿಮೆ ಆವಿಯೇ ಹೊತ್ತಲು ಸಾಕಾಗುತ್ತದೆ. ವ್ಯತ್ಯಾಸವಾದ 10.3ನ್ನು 0.25ರಿಂದ ಗುಣಿಸಿದರೆ ಸುಮಾರು 2.6. ಅದನ್ನು ಕೂಡಿಸಿ ಅರ್ಧ ಡಿಗ್ರಿಗೆ ಸರಿಹೊಂದಿಸಿದರೆ 60.5, ಅಂದರೆ ಪಾಸು. ವಿಶಾಖಪಟ್ಟಣದ ಕಡಲದಂಡೆಯಲ್ಲಿ ಈ ತಿದ್ದುಪಡಿ ಬಹುತೇಕ ಸೊನ್ನೆ. ಆದರೂ ಎರಡು ಪ್ರಯೋಗಾಲಯಗಳ ಫಲಿತಾಂಶ ಈ ಮಟ್ಟದಲ್ಲಿ ನಾಲ್ಕು ಡಿಗ್ರಿಯಷ್ಟು ಬೇರೆಯಾಗಬಹುದು. ಹಾಗಾಗಿ 60.5ನ್ನು ನೆಚ್ಚಿ ಹಡಗು ತುಂಬಿಸುವುದನ್ನು ನಾನು ಒಪ್ಪಲಾರೆ.

ಇನ್ನೊಂದು ಬಗೆಯಾದ ಓಪನ್ ಕಪ್‌ನಲ್ಲಿ ಮುಚ್ಚಳವಿಲ್ಲ. ಆವಿ ಚದುರುತ್ತದೆ, ಹೊತ್ತಲು ಹೆಚ್ಚು ಕಾವು ಬೇಕು, ಅಂಕಿ ಮೇಲೇರುತ್ತದೆ. ಟಾರು, ಲೂಬ್ರಿಕೆಂಟ್‌ಗಳಿಗೆ ಕ್ಲೀವ್‌ಲ್ಯಾಂಡ್ ಓಪನ್ ಕಪ್ ಬಳಕೆಯಲ್ಲಿದೆ. ರಸ್ತೆಯ ಟಾರಿಗೆ 220 ಡಿಗ್ರಿ ಕನಿಷ್ಠವೆಂದರೆ ಅದು ಈ ಕಪ್ಪಿನ ಲೆಕ್ಕ. ತೆರೆದ ಕಡೆ ಚೆಲ್ಲಿದ ದ್ರವದ ಅಪಾಯಕ್ಕೆ ಇದು ಹತ್ತಿರ, ಟ್ಯಾಂಕಿನೊಳಗಿನದಕ್ಕೆ ಅಲ್ಲ.

ಡೀಸೆಲ್‌ಗೆ ಚೂರು ಪೆಟ್ರೋಲ್ ಬೆರೆತರೆ ಎರಡು ಕಪ್ಪುಗಳ ಅಂತರ ಕಣ್ಣಿಗೆ ಹೊಡೆಯುತ್ತದೆ. ಕ್ಲೋಸ್ಡ್ ಕಪ್‌ನ ಅಂಕಿ ತಟಕ್ಕನೆ ಕುಸಿಯುತ್ತದೆ. ಓಪನ್ ಕಪ್‌ನಲ್ಲಿ ಹಗುರ ಭಾಗ ಕಾಯಿಸುವಾಗಲೇ ಹಾರಿಹೋಗಿ, ಕಲಬೆರಕೆ ಪತ್ತೆಯಾಗದೇ ಉಳಿಯಬಹುದು. ಮಾದರಿಯ ಬಾಟಲಿಯನ್ನು ಬಿಸಿಲಲ್ಲಿ ತೆರೆದಿಟ್ಟರೂ ಆವಿ ಹೀಗೆಯೇ ಸೋರಿ, ಅಪಾಯದ ಇಂಧನಕ್ಕೆ ಒಳ್ಳೆಯ ಅಂಕಿ ಸಿಕ್ಕಿಬಿಡುತ್ತದೆ. ಆದ್ದರಿಂದ ಪ್ರಮಾಣಪತ್ರದಲ್ಲಿ ಅಂಕಿಯ ಪಕ್ಕ ಯಾವ ಕಪ್ಪು, ಯಾವ ವಾಯುಭಾರ ಎಂದು ಬರೆಯದಿದ್ದರೆ, ಇಂಧನ ಪಡೆಯುವವರು ಅದನ್ನು ಕೇಳಿಯೇ ಸಹಿ ಹಾಕಬೇಕು.