ರಾಂಡೆವೂ, ಫೋ ಪಾ: ಇಂಗ್ಲಿಷಿನೊಳಗಿನ ಫ್ರೆಂಚಿಗೆ ನಮ್ಮ ಮಾತು

2025ರ ಜನವರಿ 16ರಂದು ಇಸ್ರೋ ಎರಡು ಪುಟ್ಟ ಉಪಗ್ರಹಗಳನ್ನು ಕಕ್ಷೆಯಲ್ಲೇ ಒಂದಕ್ಕೊಂದು ಕೂಡಿಸಿತು. ಸ್ಪೇಡೆಕ್ಸ್ ಎಂಬ ಆ ಪ್ರಯೋಗದಲ್ಲಿ ಒಂದೊಂದೂ ಸುಮಾರು 220 ಕಿಲೋ ತೂಕದ ಉಪಗ್ರಹಗಳು ಐದು ಕಿಲೋಮೀಟರ್, ಒಂದೂವರೆ ಕಿಲೋಮೀಟರ್, ಐನೂರು ಮೀಟರ್ ಹೀಗೆ ತಡೆತಡೆದು ಹತ್ತಿರ ಬಂದು, ಕೊನೆಗೆ ಮೂರು ಮೀಟರ್ ಅಂತರದಿಂದ ಮೆಲ್ಲನೆ ಕೂಡಿಕೊಂಡವು. ಕೂಡಿಕೊಳ್ಳುವುದಕ್ಕೆ ಡಾಕಿಂಗ್ ಎಂಬ ಹೆಸರು ಎಲ್ಲರಿಗೂ ಗೊತ್ತಾಯಿತು. ಅದಕ್ಕೆ ಮುಂಚೆ ಲೆಕ್ಕ ಹಾಕಿ ಸಮೀಪಿಸುವ ಕೆಲಸಕ್ಕೆ ಬಾಹ್ಯಾಕಾಶ ವಿಜ್ಞಾನಿಗಳು ಬಳಸುವ ಮಾತು ರಾಂಡೆವೂ. ಕಾದಂಬರಿಗಳಲ್ಲಿ ಪ್ರೇಮಿಗಳು ಗುಟ್ಟಾಗಿ ಸೇರುವುದಕ್ಕೂ ಇದೇ ಪದವಿದೆ.

ಇದು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು 16ನೆಯ ಶತಮಾನದ ಕೊನೆಯ ಭಾಗದಲ್ಲಿ. ಮೂಲದಲ್ಲಿ ಇದು ನಾಮಪದವೇ ಅಲ್ಲ, ಒಂದು ಅಪ್ಪಣೆ: ‘ಹಾಜರಾಗಿ’. ದಂಡು ಇಂಥ ಜಾಗದಲ್ಲಿ, ಇಂಥ ಹೊತ್ತಿಗೆ ಬಂದು ಸೇರಬೇಕು ಎಂಬ ಆಜ್ಞೆಯೇ ಕ್ರಮೇಣ ಆ ಜಾಗದ ಹೆಸರಾಯಿತು, ಆಮೇಲೆ ಭೇಟಿಯ ಹೆಸರಾಯಿತು. ಫ್ರಾನ್ಸಿನಲ್ಲಿ ಇವತ್ತು ಹಲ್ಲಿನ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿಕೊಳ್ಳುವುದೂ ರಾಂಡೆವೂವೇ. ಅದರಲ್ಲಿ ಗುಟ್ಟೂ ಇಲ್ಲ, ಶೃಂಗಾರವೂ ಇಲ್ಲ. ಇಂಗ್ಲಿಷಿಗೆ ಬಂದ ಮೇಲೆ ಅದಕ್ಕೆ ಪಿಸುಮಾತಿನ ಬಣ್ಣ ಹತ್ತಿತು.

ಕನ್ನಡದಲ್ಲಿ ಇದಕ್ಕೆ ‘ಭೇಟಿ’ ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ. ದಾರಿಯಲ್ಲಿ ಅಕಸ್ಮಾತ್ ಸಿಕ್ಕಿದರೂ ಅದು ಭೇಟಿಯೇ. ರಾಂಡೆವೂ ಆಗಬೇಕಾದರೆ ಜಾಗವನ್ನೂ ಹೊತ್ತನ್ನೂ ಮೊದಲೇ ಮಾತಾಡಿಕೊಂಡಿರಬೇಕು. ಆ ಅರ್ಥವನ್ನು ಪೂರ್ತಿ ಹಿಡಿದಿಡುವ ಪದ ನಮ್ಮ ಕಾವ್ಯಪರಂಪರೆಯಲ್ಲಿದೆ: ಸಂಕೇತಸ್ಥಳ. ಅಷ್ಟನಾಯಿಕೆಯರಲ್ಲಿ ಅಭಿಸಾರಿಕೆ ಎಂದರೆ ನಲ್ಲನನ್ನು ಕೂಡಲು ತಾನೇ ಹೊರಟವಳು. ವಿಪ್ರಲಬ್ಧೆ ಎಂದರೆ ಸಂಕೇತಸ್ಥಳಕ್ಕೆ ಬಂದು ನೋಡಿ, ಅವನು ಬಾರದೆ ಮೋಸಹೋದವಳು. ಮಾತು ಕೊಟ್ಟ ಜಾಗ ಎಂಬುದು ಇಲ್ಲದಿದ್ದರೆ ಈ ನಾಯಿಕೆಯ ಸಂಕಟಕ್ಕೆ ಅರ್ಥವೇ ಇಲ್ಲ. ಪ್ರೇಮಕಥೆಯ ಅನುವಾದದಲ್ಲಿ ರಾಂಡೆವೂ ಎದುರಾದರೆ ಸಂಕೇತಸ್ಥಳ ಎಂದೇ ಬರೆಯಬಹುದು. ಪತ್ತೇದಾರಿ ಕಥೆಯಾದರೆ ‘ಗೊತ್ತುಮಾಡಿದ ಜಾಗ’ ಸಾಕು. ಗೆಳೆಯರು ದಿನಾ ಸಂಜೆ ಸೇರುವ ತಾಣವನ್ನೂ ಇಂಗ್ಲಿಷಿನಲ್ಲಿ ರಾಂಡೆವೂ ಎನ್ನುವುದುಂಟು, ಅದಕ್ಕೆ ನಮ್ಮ ‘ಅಡ್ಡಾ’ ಇದೆ, ಊರಕಡೆಯಾದರೆ ‘ಕಟ್ಟೆ’. ಉಪಗ್ರಹಗಳ ವಿಷಯಕ್ಕೆ ‘ಸಂಧಿಸುವುದು’ ಎಂಬ ಸರಳ ಕ್ರಿಯಾಪದ ಒಪ್ಪುತ್ತದೆ. ಒಂದು ಪರಪದಕ್ಕೆ ಒಂದೇ ಕನ್ನಡ ಪದ ಎಂಬ ಹಟ ಹಿಡಿದರೆ ಈ ನಾಲ್ಕರಲ್ಲಿ ಮೂರು ಕಡೆ ತಪ್ಪುತ್ತೇವೆ.

ಉಚ್ಚಾರಣೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫ್ರೆಂಚಿನಲ್ಲಿ ಪದದ ಕೊನೆಯ ವ್ಯಂಜನ ಸಾಮಾನ್ಯವಾಗಿ ಬಾಯಿಗೆ ಬರುವುದಿಲ್ಲ. ಹಾಗಾಗಿ ರಾಂಡೆವೂನಲ್ಲಿ ಬರೆದ ಝಡ್ ಮತ್ತು ಎಸ್ ಎರಡೂ ಮೌನ. ಫೋ ಪಾ ಬರೆಯುವಾಗ ಒಂದರ ಕೊನೆಗೆ ಎಕ್ಸ್, ಇನ್ನೊಂದರ ಕೊನೆಗೆ ಎಸ್ ಇರುತ್ತದೆ, ಓದುವಾಗ ಎರಡೂ ಇಲ್ಲ. ಈ ನಿಯಮ ಗೊತ್ತಾದವರು ಅದನ್ನು ಅತಿಯಾಗಿ ಅನ್ವಯಿಸಿ ಇನ್ನೊಂದು ತಪ್ಪು ಮಾಡುತ್ತಾರೆ. ನರಳುತ್ತಿರುವವನಿಗೆ ನೋವು ಮುಗಿಸಲೆಂದು ಕೊಡುವ ಕೊನೆಯ ಏಟಿಗೆ ‘ಕೂ ದ ಗ್ರಾಸ್’ ಎನ್ನುತ್ತಾರೆ, ಕರುಣೆಯ ಏಟು ಎಂದರ್ಥ. ಇಲ್ಲಿ ಕೊನೆಯ ಸಕಾರ ಕೇಳಿಸಲೇಬೇಕು, ಏಕೆಂದರೆ ಬರಹದಲ್ಲಿ ಅದರ ಮುಂದೆ ಇನ್ನೂ ಒಂದು ಸ್ವರವಿದೆ. ಅದನ್ನು ನುಂಗಿ ‘ಗ್ರಾ’ ಎಂದರೆ ಕರುಣೆ ಹೋಗಿ ಕೊಬ್ಬು ಆಗುತ್ತದೆ.

ಫೋ ಪಾ ಎಂದರೆ ಪದಶಃ ತಪ್ಪು ಹೆಜ್ಜೆ, ಅಂದರೆ ಎಡವುವುದು. ಇಂಗ್ಲಿಷಿನಲ್ಲಿ ಇದು 17ನೆಯ ಶತಮಾನದಿಂದ ಇದೆ. ಆದರೆ ಎಲ್ಲ ತಪ್ಪೂ ಫೋ ಪಾ ಅಲ್ಲ. ಲೆಕ್ಕದಲ್ಲಿ ತಪ್ಪಿದರೆ ಅಲ್ಲ, ಕಳ್ಳತನವಂತೂ ಅಲ್ಲವೇ ಅಲ್ಲ. ನಾಲ್ಕು ಜನ ಸೇರಿದ ಕಡೆ, ಅಲ್ಲಿನ ರೀತಿ ರಿವಾಜು ತಿಳಿಯದೆಯೋ ಮರೆತೋ ಆಡಬಾರದ ಮಾತಾಡುವುದು, ಮಾಡಬಾರದ್ದನ್ನು ಮಾಡುವುದು ಫೋ ಪಾ. ಕೆಟ್ಟ ಉದ್ದೇಶ ಇರುವುದಿಲ್ಲ, ಆದರೂ ಎಲ್ಲರ ಮುಖ ಒಂದು ಕ್ಷಣ ಕಪ್ಪಿಡುತ್ತದೆ.

ನಮ್ಮ ಜೀವನದಿಂದಲೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಯಾರ ಮನೆಯಿಂದಲೇ ಹೊರಟರೂ ನಾವು ‘ಹೋಗ್ತೀನಿ’ ಎನ್ನುವುದಿಲ್ಲ, ‘ಬರ್ತೀನಿ’ ಎನ್ನುತ್ತೇವೆ. ಚಿಕ್ಕಂದಿನಿಂದ ನಾಲಿಗೆಗೆ ಅಂಟಿದ ಮಾತು ಅದು. ಆದರೆ ಸಾವಿನ ಮನೆಗೆ ಹೋದಾಗ ಈ ಮಾತು ಕೂಡದು. ಬಂದವರು ಸ್ವಲ್ಪ ಹೊತ್ತು ಕೂತು, ಹೇಳದೆ ಎದ್ದು ಹೊರಡುವುದು ಅನೇಕ ಕಡೆ ಪದ್ಧತಿ. ಅಲ್ಲಿ ಯಾರೋ ಅಭ್ಯಾಸಬಲದಿಂದ ‘ಹೋಗಿ ಬರ್ತೀನಮ್ಮಾ’ ಎಂದುಬಿಟ್ಟರೆ ಅವರಿಗೆ ದುಃಖ ಕಡಿಮೆ ಎಂದಲ್ಲ, ಆದರೂ ಪಕ್ಕದಲ್ಲಿದ್ದವರು ಥಟ್ಟನೆ ತಿರುಗಿ ನೋಡುತ್ತಾರೆ. ಫೋ ಪಾ ಎಂದರೆ ಇದೇ.

ಇದಕ್ಕೆ ಕನ್ನಡದಲ್ಲಿ ಪದಗಳ ಬಡತನವಿಲ್ಲ, ಆರಿಸಿಕೊಳ್ಳುವುದರಲ್ಲಿ ಎಚ್ಚರ ಬೇಕು. ಟಿ.ವಿ. ವಾಹಿನಿಗಳು ‘ಎಡವಟ್ಟು’ ಎನ್ನುತ್ತವೆ. ಅದು ಜೀವಂತ ಪದ, ಹಲವು ಸಂದರ್ಭಗಳಿಗೆ ಒಗ್ಗುತ್ತದೆ. ಆದರೆ ಅದರ ಹರಹು ದೊಡ್ಡದು. ಕಂಟ್ರಾಕ್ಟರ್ ಮೋರಿಯನ್ನು ತಪ್ಪು ಮಟ್ಟಕ್ಕೆ ಕಟ್ಟಿದರೂ ಎಡವಟ್ಟೇ, ಅದನ್ನು ಇಂಗ್ಲಿಷಿನಲ್ಲಿ ಫೋ ಪಾ ಎನ್ನುವಂತಿಲ್ಲ. ‘ಪ್ರಮಾದ’ ಎಂದರೆ ತಪ್ಪು ತೀರ ದೊಡ್ಡದಾಯಿತು. ‘ಅಪಚಾರ’ದಲ್ಲಿ ದೇವರಿಗೋ ಹಿರಿಯರಿಗೋ ಅವಮಾನ ಮಾಡಿದ ಭಾರವಿದೆ. ನನ್ನ ಮಟ್ಟಿಗೆ ಅತ್ಯಂತ ಹತ್ತಿರದ ಪದ ‘ಅಚಾತುರ್ಯ’. ಚಾತುರ್ಯ ಕೈಕೊಟ್ಟಿತು, ಉದ್ದೇಶ ಕೆಟ್ಟದ್ದಲ್ಲ ಎಂಬ ಎರಡೂ ಅದರಲ್ಲಿವೆ. ಅದರಿಂದ ಸಭೆಗೆ ಆಗುವ ಇರಿಸುಮುರಿಸಿಗೆ ನಮ್ಮಲ್ಲಿ ಬೇರೆಯೇ ಪದವಿದೆ: ಆಭಾಸ. ‘ಅವರ ಅಚಾತುರ್ಯದಿಂದ ಆಭಾಸವಾಯಿತು’ ಎಂದರೆ ಫೋ ಪಾ ಎಂಬ ಎರಡು ಅಕ್ಷರ ಹೇಳುವುದಕ್ಕಿಂತ ಹೆಚ್ಚನ್ನೇ ಹೇಳಿದಂತಾಯಿತು.

ನಮ್ಮ ಪತ್ರಿಕೆಗಳು ಬಹಳ ಕಾಲದಿಂದ ಬಳಸುತ್ತಿರುವ ಒಂದು ಸಮಾನಪದದ ಬಗ್ಗೆ ಮಾತ್ರ ನನಗೆ ತಕರಾರಿದೆ. ‘ಕೂ ದೇತಾ’ ಎಂಬುದಕ್ಕೆ ನಾವು ಕ್ಷಿಪ್ರಕ್ರಾಂತಿ ಎನ್ನುತ್ತೇವೆ. ಕೂ ಎಂದರೆ ಏಟು, ಎತಾ ಎಂದರೆ ರಾಜ್ಯ, ಪ್ರಭುತ್ವ. ಅದರಲ್ಲಿ ವೇಗ ಇದೆ ನಿಜ, ಆದರೆ ಕ್ರಾಂತಿ ಎಲ್ಲಿದೆ? ಕ್ರಾಂತಿ ಕೆಳಗಿನಿಂದ ಏಳುತ್ತದೆ, ಅದರಲ್ಲಿ ಜನರಿರುತ್ತಾರೆ, ಸಮಾಜ ಬದಲಾಗಬೇಕೆಂಬ ಆಸೆಯಿರುತ್ತದೆ. ಇಲ್ಲಿ ಹೊಡೆಯುವವನು ಆಗಲೇ ಪ್ರಭುತ್ವದ ಒಳಗಿರುವವನು.

ಫ್ರಾನ್ಸಿನದೇ ಪ್ರಸಂಗ ನೋಡಿ. ಲೂಯಿ ನೆಪೋಲಿಯನ್ 1848ರಲ್ಲಿ ಜನರ ಮತದಿಂದ ಅಧ್ಯಕ್ಷನಾದವನು. ಸಂವಿಧಾನದ ಪ್ರಕಾರ ಅವನು ಬೆನ್ನುಬೆನ್ನಿಗೆ ಎರಡನೆಯ ಸಲ ನಿಲ್ಲುವಂತಿರಲಿಲ್ಲ. ಅದನ್ನು ತಿದ್ದಿಸುವ ಪ್ರಯತ್ನ ಕೈಗೂಡದಿದ್ದಾಗ, 1851ರ ಡಿಸೆಂಬರ್ 2ರಂದು ಸೈನ್ಯದ ನೆರವಿನಿಂದ ಶಾಸನಸಭೆಯನ್ನೇ ವಿಸರ್ಜಿಸಿ, ವಿರೋಧಿಗಳನ್ನು ಬಂಧಿಸಿದ. ಮರುವರ್ಷ ಮೂರನೆಯ ನೆಪೋಲಿಯನ್ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದ. ಇದು ಕ್ರಾಂತಿಯಲ್ಲ. ‘ಸೇನಾ ದಂಗೆ’ಯೂ ಅಲ್ಲ, ಏಕೆಂದರೆ ಸೈನ್ಯ ಅಧ್ಯಕ್ಷನ ವಿರುದ್ಧ ತಿರುಗಿಬೀಳಲಿಲ್ಲ, ಅವನ ಅಪ್ಪಣೆಯನ್ನೇ ನಡೆಸಿತು. ‘ಅಧಿಕಾರ ಕಬಳಿಕೆ’ ಎಂದರೆ ನಡೆದದ್ದನ್ನು ನಡೆದ ಹಾಗೆ ಹೇಳಿದಂತೆ. ಸೇನಾಧಿಪತಿಗಳು ಸರ್ಕಾರವನ್ನು ಕೆಡವಿದಾಗ ‘ಸೇನೆಯಿಂದ ಅಧಿಕಾರ ಕಬಳಿಕೆ’ ಎಂದು ಬರೆಯಬಹುದು. ಅಧಿಕಾರ ಕಿತ್ತುಕೊಂಡವನಿಗೆ ಕ್ರಾಂತಿಕಾರಿಯ ಗೌರವವನ್ನು ನಮ್ಮ ಶೀರ್ಷಿಕೆ ಪುಕ್ಕಟೆಯಾಗಿ ಕೊಡಬಾರದು.

ಇನ್ನು ಕೆಲವು ಮಾತುಗಳು ಹೆಸರಿಗೆ ಫ್ರೆಂಚ್, ಬಳಕೆಯಲ್ಲಿ ಇಂಗ್ಲಿಷರದೇ. ಸಂಗೀತ ಕಛೇರಿಯಲ್ಲಿ ಮತ್ತೊಮ್ಮೆ ಹಾಡಿ ಎನ್ನಲು ಇಂಗ್ಲಿಷರು ‘ಆಂಕೋರ್’ ಎಂದು ಕೂಗುತ್ತಾರೆ. ಫ್ರೆಂಚಿನಲ್ಲಿ ಆ ಪದಕ್ಕೆ ‘ಇನ್ನೂ, ಮತ್ತೆ’ ಎಂಬ ಅರ್ಥವಿದೆ, ಆದರೆ ಅಲ್ಲಿನ ಪ್ರೇಕ್ಷಕರು ಕೂಗುವುದು ‘ಬಿಸ್’ ಎಂದು, ಲ್ಯಾಟಿನ್ನಿನಲ್ಲಿ ಎರಡು ಸಲ ಎಂದರ್ಥ. ನಮ್ಮ ಕಂಪನಿ ನಾಟಕಗಳಲ್ಲಿ ರಂಗಗೀತೆ ಮುಗಿದ ಕೂಡಲೇ ಗ್ಯಾಲರಿಯಿಂದ ಏಳುತ್ತಿದ್ದ ಕೂಗು ‘ಒನ್ಸ್ ಮೋರ್’. ಹಾಗಾಗಿ ಆಂಕೋರ್‌ಗೆ ಕನ್ನಡ ಹುಡುಕಿ ‘ಪುನರಾವರ್ತನೆ’ ಎಂದೆಲ್ಲ ಬರೆಯುವುದು ಬೇಡ. ರಂಗಭೂಮಿಯವರ ಬಾಯಲ್ಲಿ ಪಳಗಿದ ಒನ್ಸ್ ಮೋರ್ ಕನ್ನಡವೇ ಆಗಿದೆ.

‘ಡಬಲ್ ಆಂತಾಂದ್ರ’ ಕೂಡ ಹೀಗೆಯೇ. ಈಗಿನ ಫ್ರೆಂಚರು ಹಾಗೆನ್ನುವುದಿಲ್ಲ, ‘ದೂಬ್ಲ್ ಸಾನ್ಸ್’ ಎನ್ನುತ್ತಾರೆ. ನಮ್ಮ ಅಲಂಕಾರಶಾಸ್ತ್ರದ ಶ್ಲೇಷೆಯನ್ನು ಇದಕ್ಕೆ ಸಮ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಶ್ಲೇಷೆಯ ಎರಡು ಅರ್ಥಗಳೂ ಸಭೆಯಲ್ಲಿ ಧಾರಾಳವಾಗಿ ಹೇಳುವಂಥವಾಗಿರಬಹುದು. ಡಬಲ್ ಆಂತಾಂದ್ರದಲ್ಲಿ ಎರಡನೆಯ ಅರ್ಥ ಸಾಮಾನ್ಯವಾಗಿ ಮನೆಮಂದಿಯ ಮುಂದೆ ಆಡುವಂಥದ್ದಲ್ಲ. ಸಿನಿಮಾ ವಿಮರ್ಶೆಗಳಲ್ಲಿ ಕಾಣುವ ‘ದ್ವಂದ್ವಾರ್ಥ’ ಅದಕ್ಕೆ ಹೇಳಿ ಮಾಡಿಸಿದ ಪದ.

ಊಟದ ಮುಂಚೆ ಹೇಳುವ ‘ಬೋನಾಪೆತೀ’ ನಿಘಂಟಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಪದಶಃ ‘ಒಳ್ಳೆಯ ಹಸಿವು’. ಇಂಗ್ಲಿಷಿನಲ್ಲಿ ಇದಕ್ಕೆ ಸಾಟಿಯಾದ ಮಾತು ಇರಲಿಲ್ಲವಾದ್ದರಿಂದಲೇ ಅವರು ಇಡಿಯಾಗಿ ಎತ್ತಿಕೊಂಡರು. ಕನ್ನಡದಲ್ಲಿ ‘ಶುಭ ಭೋಜನ’ ಎಂದು ಹೊಸದಾಗಿ ಕಟ್ಟಿದರೆ ಯಾರ ಕಿವಿಗೂ ಹಿತವಾಗದು. ಆದರೆ ಮದುವೆ ಮನೆಯ ಪಂಕ್ತಿಯನ್ನು ನೆನೆಯಿರಿ. ಎಲೆಗೆ ಬಡಿಸಿಯಾದ ಮೇಲೆ ಯಜಮಾನರು ಸಾಲಿನುದ್ದಕ್ಕೂ ಕೈಮುಗಿಯುತ್ತ ‘ಸಾವಕಾಶವಾಗಿ ಊಟ ಮಾಡಿ’, ‘ನಿಧಾನಕ್ಕೆ ಆಗಲಿ’ ಎಂದು ಹೇಳುತ್ತ ಬರುತ್ತಾರೆ. ಫ್ರೆಂಚರು ಹಸಿವನ್ನು ಹರಸಿದರೆ ನಾವು ಬಿಡುವನ್ನು ಕೊಡುತ್ತೇವೆ. ಪದಗಳು ಒಂದಕ್ಕೊಂದು ಹೊಂದುವುದಿಲ್ಲ, ಹೇಳುವ ಗಳಿಗೆ ಮತ್ತು ಮನಸ್ಸು ಒಂದೇ. ಅನುವಾದಕರಿಗೆ ಅಷ್ಟು ಸಾಕು.

ಮದುವೆಯ ಮಾತು ಬಂದಿದ್ದರಿಂದ ಕರೆಯೋಲೆಯ ಒಂದು ಮೂಲೆಯನ್ನೂ ನೋಡಬೇಕು. ಇಂಗ್ಲಿಷಿನಲ್ಲಿ ಅಚ್ಚು ಮಾಡಿಸಿದ ನಮ್ಮ ಲಗ್ನಪತ್ರಿಕೆಗಳ ಕೆಳಗಡೆ ಆರ್.ಎಸ್.ವಿ.ಪಿ. ಎಂಬ ನಾಲ್ಕು ಅಕ್ಷರ, ಅದರಡಿ ಚಿಕ್ಕಪ್ಪನದೋ ಸೋದರಮಾವನದೋ ಹೆಸರು, ಫೋನ್ ನಂಬರು ಇರುತ್ತವೆ. ‘ರೆಪೋಂದೇ ಸಿಲ್ ವೂ ಪ್ಲೇ’ ಎಂಬ ಫ್ರೆಂಚ್ ವಾಕ್ಯದ ಮೊದಲಕ್ಷರಗಳವು: ದಯವಿಟ್ಟು ಉತ್ತರ ತಿಳಿಸಿ. ‘ದಯವಿಟ್ಟು’ ಅದರೊಳಗೇ ಇರುವುದರಿಂದ ಅದರ ಹಿಂದೆ ಪ್ಲೀಸ್ ಸೇರಿಸುವುದು ಎರಡೆರಡು ಸಲ ಬೇಡಿದಂತೆ. ನಮ್ಮ ಕನ್ನಡ ಕರೆಯೋಲೆಯಲ್ಲಿ ಈ ಸಾಲಿಗೆ ಜಾಗವಿಲ್ಲ, ಯಾಕೆಂದರೆ ಕರೆದವರು ಬರುತ್ತಾರೆಂದೇ ನಂಬಿಕೆ. ಹಾಗಾಗಿ ಬಹಳ ಜನ ಆ ಅಕ್ಷರಗಳನ್ನು ‘ದಾರಿ ಗೊತ್ತಾಗದಿದ್ದರೆ ಫೋನ್ ಮಾಡಿ’ ಎಂದೋ, ‘ಸುಖಾಗಮನ ಬಯಸುವವರು’ ಎಂದೋ ಓದಿಕೊಂಡು ಪತ್ರಿಕೆಯನ್ನು ಮಡಚಿಡುತ್ತಾರೆ. ಈಗ ಊಟದ ಗುತ್ತಿಗೆದಾರರು ಎಲೆಗಿಷ್ಟು ಎಂದು ಲೆಕ್ಕ ಮಾಡುವ ಕಾಲ. ಮುಂದಿನ ಸಲ ಆರ್.ಎಸ್.ವಿ.ಪಿ. ಇರುವ ಪತ್ರಿಕೆ ಕೈಗೆ ಬಂದರೆ ಆ ನಂಬರಿಗೆ ಫೋನ್ ಮಾಡಿ, ಮನೆಯಿಂದ ಎಷ್ಟು ಜನ ಬರುತ್ತೀರಿ, ಅಥವಾ ಬರಲಾಗುವುದಿಲ್ಲ ಎಂಬುದನ್ನು ದಯವಿಟ್ಟು ತಿಳಿಸಿ.