ಬ್ಲೂಟೂತ್ ಪೇರಿಂಗ್: ಪರದೆಯ ಆರು ಅಂಕಿಗಳು ತಡೆಯುವುದು ಯಾರನ್ನು?

ಎರಡು ಬ್ಲೂಟೂತ್ ಸಾಧನಗಳು ಮೊದಲ ಸಲ ಜೊತೆಗೂಡುವ ಪ್ರಕ್ರಿಯೆಗೆ ಪೇರಿಂಗ್ ಎನ್ನುತ್ತಾರೆ. ಮುಂದಿನ ಸಂವಹನವನ್ನೆಲ್ಲ ಗೂಢಲಿಪಿಯಲ್ಲಿ ನಡೆಸಲು ಬೇಕಾದ ಕೀಲಿ ಹುಟ್ಟುವುದು ಆಗಲೇ. ತೊಡಕೆಂದರೆ, ಆ ಕೀಲಿಯನ್ನು ಗೊತ್ತುಮಾಡಿಕೊಳ್ಳುವ ಸಂದೇಶಗಳೂ ಗಾಳಿಯಲ್ಲೇ ಸಾಗಬೇಕು. ಹತ್ತಿರದಲ್ಲಿ ತಕ್ಕ ರೇಡಿಯೊ ಉಪಕರಣ ಇಟ್ಟುಕೊಂಡವರು ಅವನ್ನು ಕದ್ದು ಕೇಳಬಹುದು.

ಮೊದಲ ಕಾಲದ ಬ್ಲೂಟೂತ್‌ನಲ್ಲಿ ಕೀಲಿಯ ಗುಟ್ಟೆಲ್ಲ ಒಂದು ಪಿನ್ ಸಂಖ್ಯೆಯಲ್ಲಿತ್ತು. ಸಾಮಾನ್ಯವಾಗಿ ಅದು ನಾಲ್ಕೇ ಅಂಕಿ, ಎಷ್ಟೋ ಸಲ 0000. ಪೇರಿಂಗ್‌ನ ಸಂದೇಶಗಳನ್ನು ದಾಖಲಿಸಿಕೊಂಡವರು ಹತ್ತು ಸಾವಿರ ಪಿನ್‌ಗಳನ್ನೂ ಒಂದೊಂದಾಗಿ ಹಾಕಿ, ಯಾವುದು ತಾಳೆಯಾಗುತ್ತದೆಂದು ನೋಡಿದರೆ ಸಾಕಿತ್ತು. ಇಸ್ರೇಲಿನ ಯಾನಿವ್ ಶಕೆಡ್ ಮತ್ತು ಅವಿಶಾಯ್ ವೂಲ್ 2005ರಲ್ಲಿ, ಅಂದಿನ ಪೆಂಟಿಯಂ 4 ಕಂಪ್ಯೂಟರಿನಲ್ಲಿ ಈ ಕೆಲಸವನ್ನು 0.06 ಸೆಕೆಂಡಿನಲ್ಲಿ ಮುಗಿಸಿ ತೋರಿಸಿದರು.

2007ರ 2.1 ಆವೃತ್ತಿ ಈ ತಳಹದಿಯನ್ನೇ ಬದಲಿಸಿತು. ಅಲ್ಲಿಂದ ಮುಂದೆ ಪ್ರತಿ ಸಾಧನವೂ ಒಂದು ಗುಟ್ಟಿನ ಸಂಖ್ಯೆಯನ್ನು ತನ್ನಲ್ಲೇ ಇಟ್ಟುಕೊಂಡು, ಅದರಿಂದ ಲೆಕ್ಕಹಾಕಿದ ಬಹಿರಂಗ ಕೀಲಿಯನ್ನು ಮಾತ್ರ ಕಳಿಸುತ್ತದೆ. ತನ್ನ ಗುಟ್ಟನ್ನು ಎದುರಿನವರ ಬಹಿರಂಗ ಕೀಲಿಯೊಂದಿಗೆ ಸೇರಿಸಿದಾಗ ಎರಡೂ ಕಡೆ ಒಂದೇ ಉತ್ತರ ಬರುತ್ತದೆ. ಡಿಫಿ-ಹೆಲ್ಮನ್ ಎಂಬ ಈ ವಿಧಾನದಲ್ಲಿ, ಗಾಳಿಯಲ್ಲಿ ಹೋದದ್ದನ್ನೆಲ್ಲ ಅಕ್ಷರ ಬಿಡದೆ ಕೇಳಿಸಿಕೊಂಡವರಿಗೂ ಆ ಉತ್ತರ ಸಿಗುವುದಿಲ್ಲ.

ಜಸ್ಟ್ ವರ್ಕ್ಸ್ ಎಂಬುದು ಇಷ್ಟಕ್ಕೇ ನಿಲ್ಲುವ ವಿಧಾನ. ಇಯರ್‌ಫೋನಿಗೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಹಾಗಾಗಿ ಅದು ಏನನ್ನೂ ಕೇಳದೆ ಜೋಡಿಯಾಗುತ್ತದೆ. ಸುಮ್ಮನೆ ಕೂತು ಕದ್ದಾಲಿಸುವವರಿಂದ ಇದು ಚೆನ್ನಾಗಿಯೇ ಕಾಪಾಡುತ್ತದೆ, ಅಂಕಿ ಕೇಳಲಿಲ್ಲ ಎಂಬ ಕಾರಣಕ್ಕೆ ಇದನ್ನು ತೀರಾ ಹಗುರವಾಗಿ ಕಾಣಬೇಕಿಲ್ಲ. ಇದರಿಂದ ತಡೆಯಲಾಗದ್ದು ನಡುವೆ ನುಸುಳುವವರನ್ನು. ಅವರು ಫೋನಿನೆದುರು ಇಯರ್‌ಫೋನಿನಂತೆಯೂ, ಇಯರ್‌ಫೋನಿನೆದುರು ಫೋನಿನಂತೆಯೂ ನಟಿಸಿ, ಎರಡು ಬೇರೆ ಬೇರೆ ಕೀಲಿ ಮಾಡಿಕೊಂಡು, ಎಲ್ಲವನ್ನೂ ಬಿಚ್ಚಿ ಕೇಳಿ ಮುಂದಕ್ಕೆ ದಾಟಿಸಬಲ್ಲರು.

ಆರು ಅಂಕಿಗಳು ಬೇಕಾಗುವುದು ಇವರನ್ನು ಹಿಡಿಯಲು. ಫೋನನ್ನು ಕಾರಿನ ಸ್ಟೀರಿಯೊಗೆ ಜೋಡಿಸುವಾಗ ಎರಡು ಪರದೆಗಳಲ್ಲೂ 428916ರಂಥ ಸಂಖ್ಯೆ ಮೂಡಿ, ಎರಡೂ ಒಂದೇ ತಾನೇ ಎಂಬ ಪ್ರಶ್ನೆ ಬರುತ್ತದೆ. ಇದು ನ್ಯೂಮರಿಕ್ ಕಂಪ್ಯಾರಿಸನ್. ಆ ಸಂಖ್ಯೆ ಗುಟ್ಟಲ್ಲ, ಪಕ್ಕದವರು ನೋಡಿದರೂ ತೊಂದರೆಯಿಲ್ಲ. ಅದು ಎರಡು ಬಹಿರಂಗ ಕೀಲಿಗಳಿಂದಲೂ, ಎರಡೂ ಕಡೆಯವರು ಆಗಷ್ಟೇ ಆರಿಸಿದ ಒಂದೊಂದು ಯಾದೃಚ್ಛಿಕ ಸಂಖ್ಯೆಯಿಂದಲೂ ಬಂದ ಲೆಕ್ಕ. ನಡುವೆ ಬೇರೆಯವರ ಕೀಲಿ ಸೇರಿದ್ದರೆ ಎರಡು ಪರದೆಗಳ ಲೆಕ್ಕ ತಾಳೆಯಾಗುವುದಿಲ್ಲ.

ಆದರೆ ಆರು ಅಂಕಿಯೆಂದರೆ ಹತ್ತು ಲಕ್ಷ ಸಾಧ್ಯತೆ ಮಾತ್ರ. ನುಸುಳುಕೋರರು ತಮ್ಮ ಯಾದೃಚ್ಛಿಕ ಸಂಖ್ಯೆಯನ್ನು ಬದಲಿಸುತ್ತ ಹೋಗಿ ಎರಡು ಪರದೆಗಳನ್ನು ಹೊಂದಿಸಿಬಿಡಬಹುದಲ್ಲವೇ? ಅದಕ್ಕೆ ಅವಕಾಶವಾಗದಂತೆ ಸಂದೇಶಗಳ ಸರದಿಯನ್ನು ಕಟ್ಟಿದ್ದಾರೆ. ಫೋನು ಪೇರಿಂಗ್ ಶುರುಮಾಡಿದೆ ಎನ್ನೋಣ. ಸ್ಟೀರಿಯೊ ತನ್ನ ಸಂಖ್ಯೆಯನ್ನು ಮೊದಲು ತೋರಿಸುವುದಿಲ್ಲ, ಮೊಹರು ಹಾಕಿದ ಲಕೋಟೆಯಂತೆ ಅದರ ಹ್ಯಾಶ್ ಅನ್ನಷ್ಟೇ ಕಳಿಸುತ್ತದೆ. ಬಳಿಕ ಫೋನು ತನ್ನ ಸಂಖ್ಯೆಯನ್ನು ಹೇಳುತ್ತದೆ. ಕೊನೆಗೆ ಸ್ಟೀರಿಯೊ ತನ್ನದನ್ನು ಬಯಲುಮಾಡುತ್ತದೆ, ಅದು ಮೊದಲಿನ ಹ್ಯಾಶ್‌ಗೆ ಹೊಂದುತ್ತದೆಯೇ ಎಂದು ಫೋನು ಪರೀಕ್ಷಿಸುತ್ತದೆ. ಸ್ಟೀರಿಯೊ ವೇಷದಲ್ಲಿರುವವರು ಫೋನಿನ ಸಂಖ್ಯೆ ಕಾಣುವ ಮೊದಲೇ ತಮ್ಮದಕ್ಕೆ ಬದ್ಧರಾಗಬೇಕು. ಫೋನಿನ ವೇಷದಲ್ಲಿರುವವರು ಸ್ಟೀರಿಯೊದ ಸಂಖ್ಯೆ ಬಯಲಾಗುವ ಮೊದಲೇ ತಮ್ಮದನ್ನು ಹೇಳಿಬಿಡಬೇಕು. ಹೀಗಾಗಿ ಸಿಗುವುದು ಒಂದೇ ಪ್ರಯತ್ನ, ಗೆಲ್ಲುವ ಸಾಧ್ಯತೆ ಹತ್ತು ಲಕ್ಷಕ್ಕೊಂದು.

ಕೀಬೋರ್ಡಿನಂಥ ಸಾಧನಗಳಿಗೆ ಪಾಸ್‌ಕೀ ಎಂಟ್ರಿ ಇದೆ. ಕಂಪ್ಯೂಟರ್ ತೋರಿಸಿದ ಆರಂಕಿಯನ್ನು ಕೀಬೋರ್ಡಿನಲ್ಲಿ ಒತ್ತಬೇಕು. ಇಲ್ಲಿ ಸಂಖ್ಯೆ ನಿಜಕ್ಕೂ ಗುಟ್ಟು. ಅದನ್ನು 20 ಬಿಟ್‌ಗಳಾಗಿ ಒಡೆದು, 20 ಸುತ್ತುಗಳಲ್ಲಿ ಒಂದೊಂದೇ ಬಿಟ್ಟನ್ನು ಇಂಥದ್ದೇ ಹ್ಯಾಶ್‌ನಿಂದ ತಾಳೆ ನೋಡುತ್ತಾರೆ. ಒಂದು ಸುತ್ತು ತಪ್ಪಿದರೂ ಪೇರಿಂಗ್ ನಿಲ್ಲುತ್ತದೆ. ಸುತ್ತುಗಳು ಮುಗಿಯುವಷ್ಟರಲ್ಲಿ ಕದ್ದಾಲಿಸಿದವರಿಗೆ ಆ ಪಾಸ್‌ಕೀ ತಿಳಿದೇಹೋಗುತ್ತದೆ. ಅದರಿಂದ ಆ ಸಲದ ಕೀಲಿಗೆ ಧಕ್ಕೆಯಿಲ್ಲ. ಆದರೆ ಸಾಧನದ ಮೇಲೆ ಸ್ಟಿಕರ್ ಅಂಟಿಸಿ ಎಂದೆಂದಿಗೂ ಒಂದೇ ಪಾಸ್‌ಕೀ ಇಟ್ಟರೆ, ಮುಂದಿನ ಸಲ ನಡುವೆ ನುಸುಳಲು ಅದೇ ದಾರಿ. ಪಾಸ್‌ಕೀ ಪ್ರತಿ ಸಲ ಹೊಸದಾಗಿರಲೇಬೇಕು.

ಕಡಿಮೆ ವಿದ್ಯುತ್ತಿನ ಬ್ಲೂಟೂತ್ ಲೋ ಎನರ್ಜಿಗೆ ಡಿಫಿ-ಹೆಲ್ಮನ್ ಬಂದದ್ದು 2014ರ 4.2 ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಲೋ ಎನರ್ಜಿ ಪೇರಿಂಗ್‌ನಲ್ಲಿ ಆರಂಕಿ ಒತ್ತಿದ್ದರೂ ಪ್ರಯೋಜನ ಕಡಿಮೆ, ದಾಖಲಿಸಿಕೊಂಡವರು ಹತ್ತು ಲಕ್ಷ ಸಂಖ್ಯೆಗಳನ್ನೂ ಬೇಗನೆ ಹಾಕಿ ನೋಡಬಲ್ಲರು.

ಎರಡು ವಿಧಾನಗಳನ್ನು ಬೆರೆಸಿ ಮೋಸಮಾಡಬಹುದೆಂದು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ನುಸುಳುಕೋರರು ಒಂದು ಸಾಧನದೊಂದಿಗೆ ನ್ಯೂಮರಿಕ್ ಕಂಪ್ಯಾರಿಸನ್, ಇನ್ನೊಂದರೊಂದಿಗೆ ಪಾಸ್‌ಕೀ ಎಂಟ್ರಿ ನಡೆಸುತ್ತಾರೆ. ಮೊದಲನೆಯದರಲ್ಲಿ ಮೂಡಿದ ಸಂಖ್ಯೆಯನ್ನು ಬಳಕೆದಾರರು ತಾವಾಗಿಯೇ ಎರಡನೆಯದಕ್ಕೆ ಒತ್ತಿಬಿಡುತ್ತಾರೆ. ಪರದೆಯ ಮಾತನ್ನು ಗಮನಿಸಿದರೆ ಇದು ಪತ್ತೆಯಾಗುತ್ತದೆ: ಒಂದು ಸಾಧನ ಹೌದು ಅಥವಾ ಇಲ್ಲ ಎಂದು ಕೇಳುತ್ತಿರುವಾಗ ಇನ್ನೊಂದು ಅಂಕಿ ಒತ್ತಲು ಹೇಳಿದರೆ, ಆ ಪೇರಿಂಗನ್ನು ಅಲ್ಲೇ ರದ್ದುಮಾಡಬೇಕು.